ಉಳಿದ ಚಿಲ್ಲರೆ, ಹರಿದ ನೋಟು

ಉಮರ್ಗಾ, ನಿಲಂಗಾ, ಉದಗೀರದ ಮಂದಿ ಪರದೇಶಕ್ಕೆಲ್ಲಿ ಹೋಗುತ್ತಾರೆ ಎಂದು ಕೇಳುವವರು ನಮ್ಮ ಗೋಡೆ ಕಪಾಟುಗಳನ್ನು ಒಮ್ಮೆ ನೋಡಬೇಕು. ಕೆಟ್ಟ ಚಾರ್ಜರು, ಅರ್ಧ ಮುಗಿದ ಗುಳಿಗೆಯ ಪಟ್ಟಿ, ಹೋದ ವರ್ಷದ ಲಗ್ನಪತ್ರಿಕೆ, ಇವುಗಳ ಹಿಂದೆ ಒಂದು ಡಬ್ಬಿ ಇದ್ದೇ ಇರುತ್ತದೆ. ಉಮ್ರಾ ಮಾಡಿ ಬಂದವರ ಮನೆಯಲ್ಲಿ ಅದರೊಳಗೆ ಸೌದಿ ರಿಯಾಲು, ಮಗ ದುಬೈಯಲ್ಲಿರುವ ಮನೆಯಲ್ಲಿ ದಿರ್ಹಮು, ಕಾಶಿ ಮುಗಿಸಿ ಪಶುಪತಿನಾಥನ ದರ್ಶನವನ್ನೂ ಮಾಡಿ ಬಂದ ಲಿಂಗಾಯತರ ಮನೆಯಲ್ಲಿ ನೇಪಾಳಿ ರೂಪಾಯಿ. ಮಗಳು ಅಮೆರಿಕದಲ್ಲಿದ್ದರೆ ಕಡ್ಡಾಯವಾಗಿ ಒಂದು ಮುಷ್ಟಿ ಸೆಂಟುಗಳು. ಮನೆಗೆ ಬಂದ ಮಕ್ಕಳು ಅಳತೊಡಗಿದರೆ ಡಬ್ಬಿ ಕೆಳಗಿಳಿಯುತ್ತದೆ, ಅಳು ನಿಂತರೆ ಮೇಲೇರುತ್ತದೆ. ಇಷ್ಟೇ ಅದರ ಚಲಾವಣೆ.

ಡಬ್ಬಿಯ ಬಗ್ಗೆ ಮನೆಯವರಿಗೆ ಎರಡು ಭಾವನೆ. ಒಂದು, ಇದು ದುಡ್ಡು. ಎರಡು, ಇದು ದುಡ್ಡಲ್ಲ. ಹೊರಗೆ ಚೆಲ್ಲಲು ಮನಸ್ಸು ಬಾರದು, ಒಯ್ದು ಕೊಟ್ಟರೆ ತೆಗೆದುಕೊಳ್ಳುವವರು ಸಿಗರು. ಉದಗೀರದ ಹಾಜಿ ಸಾಹೇಬರು ಇದರ ತಳ ನೋಡಿಯೇಬಿಡಬೇಕೆಂದು ಹೊರಟರು. ಅವರು ಉರ್ದು ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ತಾಯಿಯ ತೌರು ಭಾಲ್ಕಿ ಕಡೆ ಇದ್ದುದರಿಂದ ಕನ್ನಡ ನೀರು ಕುಡಿದಷ್ಟು ಸಲೀಸು. ಲೆಕ್ಕ ಅರ್ಧಕ್ಕೆ ನಿಂತರೆ ಅವರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ, ನನ್ನದೇನಾದರೂ ಸೇರಿದರೆ ಅದು ಒಗ್ಗರಣೆ.

ಮೊದಲು ಕಾನೂನಿನ ಮಾತು, ಯಾಕೆಂದರೆ ಅದರಲ್ಲೇ ಒಂದು ತಮಾಷೆ ಇದೆ. ಪರದೇಶದಿಂದ ಬಂದ ನಮ್ಮಂಥವರು ಉಳಿದ ನೋಟುಗಳನ್ನು ಬಂದ ದಿನದಿಂದ 180 ದಿನದೊಳಗೆ ಬ್ಯಾಂಕಿಗೋ ಪರವಾನಗಿ ಇರುವ ವಿನಿಮಯದಂಗಡಿಗೋ ಒಪ್ಪಿಸಬೇಕು. ಆದರೆ 2,000 ಅಮೆರಿಕನ್ ಡಾಲರಿನಷ್ಟನ್ನು ಮುಂದಿನ ಪ್ರವಾಸಕ್ಕೆಂದು ಮನೆಯಲ್ಲೇ ಇಟ್ಟುಕೊಳ್ಳಬಹುದು. ನಮ್ಮ ಡಬ್ಬಿಗಳು ಆ ಮಟ್ಟ ಮುಟ್ಟುವುದಿಲ್ಲವಾದ್ದರಿಂದ ಈ ನಿಯಮ ನಮ್ಮನ್ನು ಹೆದರಿಸುವುದಿಲ್ಲ. ತಮಾಷೆ ಇರುವುದು ನಾಣ್ಯದ ವಿಷಯದಲ್ಲಿ. ನಾಣ್ಯವನ್ನು ಎಷ್ಟು ಬೇಕಾದರೂ, ಯಾವ ಮಿತಿಯೂ ಇಲ್ಲದೆ, ಸಾಯುವವರೆಗೂ ಇಟ್ಟುಕೊಳ್ಳಿ ಎನ್ನುತ್ತದೆ ರಿಜರ್ವ್ ಬ್ಯಾಂಕು. ಇಷ್ಟು ಧಾರಾಳ ಸರ್ಕಾರದಿಂದ ಬಂದಾಗ ಜಾಣರು ಸಂಶಯಪಡುತ್ತಾರೆ. ಹಾಜಿ ಸಾಹೇಬರು ಸಂತೋಷಪಟ್ಟರು.

ಕಣ್ಣು ತೋರಿಸಿಕೊಳ್ಳಲು ಅವರು ಹೇಗೂ ಹೈದರಾಬಾದಿಗೆ ಹೋಗಬೇಕಿತ್ತು. ಉದಗೀರದಿಂದ ರೈಲು ಇದೆ, ಅಲ್ಲಿ ಆಬಿಡ್ಸ್, ಬಶೀರಬಾಗ್ ಕಡೆ ವಿನಿಮಯದಂಗಡಿಗಳಿವೆ. ಬರೀ ರಿಯಾಲು ಬದಲಿಸಲಿಕ್ಕೆ ಹೋಗಿದ್ದರೆ ಟಿಕೀಟಿನ ಖರ್ಚು ಹುಟ್ಟುತ್ತಿರಲಿಲ್ಲ ಎಂದು ಅವರೇ ಮೊದಲು ಹೇಳಿದರು. ಪಾಸ್‌ಪೋರ್ಟು ಮತ್ತು ಅದರ ಝೆರಾಕ್ಸು, ಎರಡನ್ನೂ ಒಯ್ದಿದ್ದರು. ಹಾಸಿದ ಕರವಸ್ತ್ರದ ಮೇಲೆ ಅವರು ಗಾಜಿನ ಕಿಂಡಿಯ ಮುಂದೆ ಇಟ್ಟ ಆಸ್ತಿ ಇದು: 100 ರಿಯಾಲಿನ ನೋಟು ಒಂದು, 50ರದು ಎರಡು, 10ರದು ಎರಡು, 5ರದು ಒಂದು, ಅದು ಪ್ಲಾಸ್ಟಿಕ್ಕಿನದು. ಒಟ್ಟು 225. ಅದರ ಪಕ್ಕ ಒಂದು ಪುಟ್ಟ ಗಂಟು, ಒಂದು ಮತ್ತು ಎರಡು ರಿಯಾಲಿನ ನಾಣ್ಯ, ನಡುವೆ ಒಂದಿಷ್ಟು ಹಲಾಲಾ ಚೂರು, ಎಲ್ಲ ಸೇರಿ 31 ರಿಯಾಲು.

ಕಿಂಡಿಯ ಹುಡುಗ ಗಂಟನ್ನು ಬಿಚ್ಚಲೇ ಇಲ್ಲ. ಒಂದು ಬೆರಳಿನಿಂದ ಹಿಂದಕ್ಕೆ ದೂಡಿದ.

"ಕಾಯಿನ್ ನಹೀ ಲೇತೇ ಚಾಚಾ."

"ಯಾಕಪಾ? ರೊಕ್ಕಲ್ಲೇನು ಇದು?"

"ರೊಕ್ಕಾನೇ ಅದ. ನಮ್ಮದಲ್ಲ."

ಹುಡುಗ ಬೀದರ ಕಡೆಯವನು, ಆಮೇಲೆ ಕನ್ನಡಕ್ಕೆ ಇಳಿದ. ಗಿರಾಕಿ ಇಲ್ಲದ ಹೊತ್ತು, ವಿವರಿಸಲಿಕ್ಕೂ ಕೂತ. ಅಂಗಡಿಗೆ ಬಂದ ನೋಟಿಗೆ ಎರಡೇ ಹಾದಿ. ಒಂದೋ ನಾಳೆ ಅದೇ ದೇಶಕ್ಕೆ ಹೊರಟವರಿಗೆ ಮಾರಬೇಕು, ಇಲ್ಲವೋ ಕಂತೆ ಕಟ್ಟಿ ದೊಡ್ಡ ವ್ಯಾಪಾರಿಗೆ ದಾಟಿಸಬೇಕು. ಆತ ಅದನ್ನು ವಿಮೆ ಮಾಡಿಸಿ ವಿಮಾನದಲ್ಲಿ ಹೊರದೇಶದ ಪೇಟೆಗೆ ಕಳಿಸುತ್ತಾನೆ. ನಾಣ್ಯಕ್ಕೆ ಎರಡೂ ಹಾದಿ ಬಂದ್. ಉಮ್ರಾಕ್ಕೆ ಹೊರಟವರು ಅಂಗಡಿಗೆ ಬಂದು ನನಗೆ ಒಂದು ಪಾವು ಚಿಲ್ಲರೆ ಕೊಡಿ ಎಂದು ಕೇಳುವುದಿಲ್ಲ. ಕಳಿಸೋಣವೆಂದರೆ ತೂಕ. ಅಮೆರಿಕದ 100 ಡಾಲರಿನ ನೋಟು ಹೆಚ್ಚುಕಡಿಮೆ ಒಂದು ಗ್ರಾಂ. ಅದೇ 100 ಡಾಲರನ್ನು ಕಾಲು ಡಾಲರಿನ ನಾಣ್ಯದಲ್ಲಿ ಕೊಟ್ಟರೆ 400 ಬಿಲ್ಲೆ, ಒಂದೊಂದು 5.67 ಗ್ರಾಂ, ಒಟ್ಟು ಎರಡೂಕಾಲು ಕಿಲೋ ಮೇಲೆ. ಇದನ್ನು ವಿಂಗಡಿಸುವವನ ಪಗಾರ, ಚೀಲ, ವಿಮಾನದ ಬಾಡಿಗೆ ಎಲ್ಲ ಕಳೆದರೆ ನಾಣ್ಯದ ಒಡೆಯನೇ ಅಂಗಡಿಗೆ ಬಾಕಿ ಬೀಳುತ್ತಾನೆ.

ಹಾಜಿ ಸಾಹೇಬರಿಗೆ ಇದರಲ್ಲಿ ಒಂದು ಅನ್ಯಾಯ ಕಂಡಿತು, ನನಗೂ ಕಂಡಿತು. ಅವರ ಅಣ್ಣ ಬಹಳ ಹಿಂದೆ ಹಜ್ಜಿಗೆ ಹೋಗಿ ಬಂದಾಗ ಒಂದು ರಿಯಾಲು ಕಾಗದದ ನೋಟಾಗಿತ್ತು. ಕಿಸೆಯಲ್ಲಿ ಉಳಿದ ಒಂದೊಂದು ರಿಯಾಲೂ ಅಂಗಡಿಯಲ್ಲಿ ದುಡ್ಡಾಗಿತ್ತು. 2018ರಿಂದ ಸೌದಿಯವರು ಒಂದು ರಿಯಾಲಿನ ನೋಟನ್ನು ಹಿಂದಕ್ಕೆ ಸರಿಸಿ ಅದರ ಜಾಗದಲ್ಲಿ ನಾಣ್ಯ ತಂದರು. ನೋಟು ಬೇಗ ಹಳತಾಗುತ್ತದೆ, ನಾಣ್ಯ ಬಾಳಿಕೆ ಬರುತ್ತದೆ, ಅವರ ಲೆಕ್ಕ ಅವರಿಗೆ ಸರಿ. ಆದರೆ ಅವರ ಖಜಾನೆಯಲ್ಲಿ ಉಳಿತಾಯವಾದದ್ದು ಉದಗೀರದ ಕಪಾಟಿನಲ್ಲಿ ನಷ್ಟವಾಗಿ ಕೂತಿದೆ. ಹಲಾಲಾ ಹೋದರೆ ಯಾರೂ ಅಳುವುದಿಲ್ಲ. ಒಂದು ರಿಯಾಲು ಎಂದರೆ ಇಲ್ಲಿ ಎರಡು ಕಪ್ ಚಹಾ.

ನಾಣ್ಯದ ಗಂಟು ಕಿಸೆಗೆ ಮರಳಿದ ಮೇಲೆ ನೋಟಿನ ಪರೀಕ್ಷೆ ಶುರು. ಅದನ್ನು ಅವರು ವರ್ಣಿಸಿದ ರೀತಿಗೆ, ನಮ್ಮ ಕಡೆ ಹೆಣ್ಣು ನೋಡಲು ಹೋದವರೂ ಇಷ್ಟು ನೋಡುವುದಿಲ್ಲ. ಹುಡುಗ ಒಂದೊಂದು ನೋಟನ್ನೂ ಹೆಬ್ಬೆರಳಿನಡಿ ಉಜ್ಜಿದ, ಬೆಳಕಿಗೆ ಎತ್ತಿ ಹಿಡಿದ, ನೀಲಿ ದೀಪದ ಕೆಳಗೆ ಹಾಯಿಸಿದ. ಆಮೇಲೆ ಮಡಿಕೆ ಬಿದ್ದ ಗೆರೆಯ ಎರಡೂ ತುದಿಯನ್ನು ಉಗುರಿನಿಂದ ತಡವಿದ. ನೋಟು ಹರಿಯುವುದು ಅಲ್ಲಿಂದಲೇ. ಒಂದು 50ರ ನೋಟಿನ ನಡುವೆ ಪಾರದರ್ಶಕ ಪಟ್ಟಿ ಮಿಂಚಿತು.

"ಪಟ್ಟಿ ಯಾರ್ ಹಚ್ಚ್ಯಾರ್ರಿ?"

"ಮನಿಯಾಕಿ. ಹರದಿತ್ತು ಅಂತ."

"ಹರದದ್ದು ಹಂಗೇ ತಂದಿದ್ರ ಅರ್ಧ ಮನಸಿಲೆ ನೋಡ್ತಿದ್ದೆ. ಪಟ್ಟಿ ಹಚ್ಚಿದ್ದು ಬ್ಯಾಡರಿ."

ಹಾಜಿ ಸಾಹೇಬರ ಮನೆಯಾಕೆ ಈ ಮಾತನ್ನು ಇವತ್ತಿಗೂ ಒಪ್ಪಿಲ್ಲ. ಹರಿದದ್ದನ್ನು ಹೊಲಿಯುವುದು, ಒಡೆದದ್ದನ್ನು ಅಂಟಿಸುವುದು ಸಂಸಾರಸ್ಥರ ಧರ್ಮ ಎಂದು ಅವರ ವಾದ. ಅಂಗಡಿಯವನ ಭಯ ಬೇರೆ. ಪಟ್ಟಿಯ ಅಡಿಯಲ್ಲಿ ಎರಡು ಬೇರೆ ಬೇರೆ ನೋಟಿನ ತುಂಡುಗಳು ಕೂಡಿರಬಹುದು, ಒಂದು ನಿಜದ್ದು ಇನ್ನೊಂದು ಅಲ್ಲದ್ದು. ಇದನ್ನು ಪತ್ತೆ ಹಚ್ಚಲು ನೋಟಿನ ಎರಡೂ ಕಡೆಯ ಸಂಖ್ಯೆ ಓದಿ ತಾಳೆ ನೋಡಬೇಕು. ನಮ್ಮ ರೂಪಾಯಿಯಲ್ಲೂ ಡಾಲರಿನಲ್ಲೂ ಒಂದೇ ಸಂಖ್ಯೆ ಎರಡು ಕಡೆ ಅಚ್ಚಾಗಿರುವುದು ಇಂಥ ಕೆಲಸಕ್ಕೂ ಒದಗುತ್ತದೆ. ಹುಡುಗ ತಾಳೆ ನೋಡಿದ, ಸಂಖ್ಯೆ ಒಂದೇ ಇತ್ತು. ಆದರೂ ಬೇಡವೆಂದ. ಅವನಿಗೆ ನಂಬಿಕೆ ಬಂದಿತ್ತು, ಅವನಿಂದ ಕೊಳ್ಳುವವನಿಗೆ ಬರಬೇಕಲ್ಲ. ವಿನಿಮಯದಂಗಡಿಯವನು ನೋಟಿನ ನ್ಯಾಯಾಧೀಶನಲ್ಲ, ವ್ಯಾಪಾರಿ. ನಾಳೆ ತಾನು ಮಾರಲಾರದ್ದನ್ನು ಇವತ್ತು ಕೊಳ್ಳುವುದಿಲ್ಲ. ಡಾಲರಿನ ಮೇಲೆ ಯಾರೋ ಪೆನ್ನಿನಿಂದ ಗೀಚಿದ್ದರೆ, ಅಂಗಡಿಯ ಮೊಹರು ಬಿದ್ದಿದ್ದರೆ, ಒಗೆತಕ್ಕೆ ಬಿದ್ದು ಮೆತ್ತಗಾಗಿದ್ದರೆ, ಚಿತ್ರದ ತಲೆ ಸಣ್ಣದಿರುವ ಹಳೇ ಕಾಲದ್ದಾಗಿದ್ದರೆ ಇದೇ ಮುಖ. ಅಮೆರಿಕದ ಸರ್ಕಾರವೇನೋ 1861ರಿಂದ ಈಚೆಗೆ ತಾನು ಅಚ್ಚು ಹಾಕಿದ ಯಾವ ನೋಟೂ ರದ್ದಾಗಿಲ್ಲ ಎನ್ನುತ್ತದೆ. ಅರ್ಧಕ್ಕಿಂತ ಹೆಚ್ಚು ಭಾಗ ಉಳಿದ ಹರಿದ ನೋಟನ್ನು ವಾಷಿಂಗ್ಟನ್ನಿನ ಅಚ್ಚುಮನೆಗೆ ಕಳಿಸಿದರೆ ಪರೀಕ್ಷಿಸಿ ಪುಕ್ಕಟೆ ಪೂರ್ತಿ ಹಣ ಕೊಡುವ ವ್ಯವಸ್ಥೆಯೂ ಅಲ್ಲಿದೆ. ನಿಲಂಗಾದಿಂದ ವಾಷಿಂಗ್ಟನ್ನಿಗೆ ಹತ್ತು ಡಾಲರಿನ ತುಂಡನ್ನು ರಜಿಸ್ಟರ್ ಮಾಡಿಸುವವರು ಮುಂದೆ ಬಂದರೆ ಅಂಚೆ ಖರ್ಚನ್ನೂ ಒಮ್ಮೆ ಕೇಳಿಕೊಳ್ಳಲಿ.

ಇನ್ನು ಲೆಕ್ಕ. ಹಲಗೆಯ ಮೇಲೆ ರಿಯಾಲಿಗೆ ಎರಡು ದರ ಇದ್ದವು, ಅವರು ಮಾರುವುದು 24ಕ್ಕೆ, ಕೊಳ್ಳುವುದು 22ಕ್ಕೆ. ಇದೇ ಅಂಗಡಿಯ ಅನ್ನ. ಸಣ್ಣ ನೋಟಿಗೆ ಇನ್ನಷ್ಟು ಕಡಿಮೆ ಹಿಡಿಯುವವರೂ ಇದ್ದಾರೆ, ಈ ಹುಡುಗ ಹಿಡಿಯಲಿಲ್ಲ. 225ರಲ್ಲಿ ಪಟ್ಟಿಯ 50 ಹೋಗಿ 175 ಉಳಿಯಿತು. 22ರಂತೆ 3,850 ರೂಪಾಯಿ. ಅದರಲ್ಲಿ 45 ರೂಪಾಯಿ ಜಿಎಸ್‌ಟಿ ಮುರಿದು ಕೈಗೆ ಬಂದದ್ದು 3,805, ಜೊತೆಗೆ ಒಂದು ರಸೀದಿ. ಈ 45 ಎಲ್ಲಿಂದ ಬಂತು ಎಂದು ಗಣಿತದ ಮಾಸ್ತರರು ಕೇಳದೆ ಬಿಡುತ್ತಾರೆಯೇ? ಲಕ್ಷ ರೂಪಾಯಿಯವರೆಗಿನ ವಿನಿಮಯದಲ್ಲಿ ನೂರಕ್ಕೆ ಒಂದು ಪಾಲನ್ನು ಸೇವೆಯ ಬೆಲೆಯೆಂದು ಹಿಡಿದು ಅದರ ಮೇಲೆ ನೂರಕ್ಕೆ 18 ತೆರಿಗೆ. ಅವರ ನೂರಕ್ಕೊಂದು ಮೂವತ್ತೆಂಟೂವರೆ ರೂಪಾಯಿ ಆಗಬೇಕಿತ್ತು. ಆದರೆ ಸೇವೆಯ ಬೆಲೆ 250ಕ್ಕಿಂತ ಕೆಳಗೆ ಇಳಿಯಕೂಡದೆಂದು ನಿಯಮ, ಅದರ ಮೇಲಿನ 18ರಂತೆ 45. ಅಂದರೆ ಐದು ರಿಯಾಲಿನ ಒಂದೇ ನೋಟು ಒಯ್ದಿದ್ದರೂ 110 ರೂಪಾಯಿಯಲ್ಲಿ 45 ತೆರಿಗೆಗೆ ಹೋಗಿ 65 ಕೈಗೆ ಬರುತ್ತಿತ್ತು. ಹಾಜಿ ಸಾಹೇಬರು ಇದನ್ನು ಹೇಳುವಾಗ ಕೋಪ ಇರಲಿಲ್ಲ, ಒಂದು ಚಂದದ ಪ್ರಶ್ನೆಪತ್ರಿಕೆ ತೆಗೆದವನ ಬಗ್ಗೆ ಇರುವ ಗೌರವ ಇತ್ತು.

ಇಲ್ಲಿ ಒಂದು ಮಾತು ನಡುವೆ ಹೇಳಬೇಕು. ಅಷ್ಟೆಲ್ಲ ಯಾಕೆ, ಮುಂದಿನ ತಿಂಗಳು ಉಮ್ರಾಕ್ಕೆ ಹೋಗುವ ಪಕ್ಕದ ಮನೆಯವರಿಗೆ 23ರಂತೆ ಕೊಟ್ಟುಬಿಟ್ಟರೆ ಇಬ್ಬರಿಗೂ ಒಂದೊಂದು ರೂಪಾಯಿ ಲಾಭ ಅಲ್ಲವೇ ಎಂದು ನಾನು ಕೇಳಿದೆ. ಓಣಿಯಲ್ಲಿ ಹಾಗೆ ಮಾಡುವವರು ಇದ್ದಾರೆ. ಪರವಾನಗಿ ಇಲ್ಲದವರ ನಡುವೆ ಪರದೇಶದ ದುಡ್ಡಿನ ಕೊಡುಕೊಳ್ಳು ಕಾನೂನಿನಲ್ಲಿ ಕೂಡದು ಎಂದು ಅವರು ಬೆರಳೆತ್ತಿದರು. ಹಜ್ಜು ಮಾಡಿ ಬಂದವನು 50 ರೂಪಾಯಿಗಾಗಿ ಕಾನೂನು ಮುರಿದ ಎಂದು ಆಗಬಾರದಂತೆ. 5,000ಕ್ಕಾದರೆ ಯೋಚಿಸುತ್ತಿದ್ದಿರೇನು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಪರದೇಶದ ಹರಿದ ನೋಟಿನ ಗತಿ ಹೀಗಾದರೆ ನಮ್ಮದೇ ಹರಿದ ನೋಟಿನ ಭಾಗ್ಯ ಎಷ್ಟೋ ಮೇಲು. ಪ್ರವಾಸದಿಂದ ಬಂದವರ ಚೀಲದಲ್ಲಿ ಅವೂ ಇರುತ್ತವೆ. ಕತ್ತಲಲ್ಲಿ ಬಸ್ಸು ಇಳಿಯುವ ಗಡಿಬಿಡಿಯಲ್ಲಿ ಕೈಗೆ ಬಂದವು, ಬೆವರಿಗೆ ಅಂಟಿಕೊಂಡವು, ಊರಲ್ಲಿ ಬಿಟ್ಟುಹೋದ ಟ್ರಂಕಿನಲ್ಲಿ ಇಲಿ ರುಚಿ ನೋಡಿದವು. ಸಂತೆಯಲ್ಲಿ ಹೊಸ ನೋಟಿನ ಹಾರ ಹಾಕಿಕೊಂಡು ಕೂತವನು ಹರಿದದ್ದನ್ನು ವಟಾವು ಮುರಿದುಕೊಂಡು ತಗೊಳ್ಳುತ್ತಾನೆ, ಮುರಿಯುವುದು ಎಷ್ಟು ಎಂಬುದು ನಿಮ್ಮ ಮುಖ ನೋಡಿ. ಬ್ಯಾಂಕಿನಲ್ಲಿ ಮುಖ ನೋಡುವುದಿಲ್ಲ, ಅಳೆಯುತ್ತಾರೆ. ರಿಜರ್ವ್ ಬ್ಯಾಂಕಿನ 2009ರ ನಿಯಮ, 2018ರಲ್ಲಿ ತಿದ್ದಿದ್ದು, ಹೇಳುವುದು ಸರಳ. 20 ರೂಪಾಯಿಯವರೆಗಿನ ನೋಟಾದರೆ ಅರ್ಧಕ್ಕಿಂತ ಹೆಚ್ಚು ಭಾಗ ಒಂದೇ ತುಂಡಾಗಿ ಉಳಿದಿದ್ದರೆ ಪೂರ್ತಿ ಬೆಲೆ, ಇಲ್ಲದಿದ್ದರೆ ಏನೂ ಇಲ್ಲ. 50 ಮತ್ತು ಮೇಲಿನದಾದರೆ ನೂರಕ್ಕೆ 80 ಭಾಗಕ್ಕಿಂತ ಹೆಚ್ಚಿದ್ದರೆ ಪೂರ್ತಿ, 40ರಿಂದ 80ರ ನಡುವೆ ಅರ್ಧ, 40ಕ್ಕಿಂತ ಕಡಿಮೆಯಾದರೆ ಕೈ ಬೀಸಿ ಮನೆಗೆ.

ಉಮರ್ಗಾದ ನಮ್ಮ ಅತ್ತೆಯ 500 ರೂಪಾಯಿಯ ನೋಟು ಇಲಿಯ ಬಾಯಿಗೆ ಬಿದ್ದಾಗ ನಾವು ಪಟ್ಟಿ ಹಿಡಿದು ಕೂತಿದ್ದೆವು. ಈಗಿನ 500ರ ನೋಟು 150 ಮಿಲಿಮೀಟರ್ ಉದ್ದ, 66 ಅಗಲ, ಅಂದರೆ 99 ಚದರ ಸೆಂಟಿಮೀಟರ್. ಪೂರ್ತಿ ಹಣಕ್ಕೆ 80 ಬೇಕು, ಅರ್ಧಕ್ಕೆ 40. ಇಲಿ ಒಂದು ಬದಿಯಿಂದ ಸಾಲಾಗಿ ತಿನ್ನುತ್ತ ಬಂದಿತ್ತು. 25 ಮಿಲಿಮೀಟರ್ ಹೋಗಿ ಎಂಬತ್ತೆರಡೂವರೆ ಉಳಿದಿತ್ತು. 30 ಹೋಗಿದ್ದರೆ ಎಪ್ಪತ್ತೊಂಬತ್ತು ಚಿಲ್ಲರೆ ಉಳಿದು 250 ರೂಪಾಯಿ ಮಾತ್ರ ಸಿಗುತ್ತಿತ್ತು. ಅರ್ಧ ಸೆಂಟಿಮೀಟರ್ ಕಾಗದಕ್ಕೆ 250 ರೂಪಾಯಿ, ಉಮರ್ಗಾದ ಹೆದ್ದಾರಿ ಬದಿಯ ಜಾಗಕ್ಕೂ ಈ ಭಾವ ಇಲ್ಲ. ಬೆಕ್ಕು ಆ ರಾತ್ರಿ ಹೊತ್ತಿಗೆ ಸರಿಯಾಗಿ ಬಂದಿರಬೇಕು ಎಂದು ಅತ್ತೆ ಮರುದಿನದಿಂದ ಅದಕ್ಕೆ ಹಾಲು ಹೆಚ್ಚು ಹಾಕತೊಡಗಿದರು.

ಹಾಜಿ ಸಾಹೇಬರಿಗೆ ಈ ನಿಯಮದ ಇನ್ನೊಂದು ಮುಖ ಹಿಡಿಸಿತು. ಕತ್ತರಿ ಹಿಡಿದು ಕೂತವನು ಏನು ಮಾಡಿದರೂ ಒಂದು ನೋಟಿನಿಂದ ಒಂದಕ್ಕಿಂತ ಹೆಚ್ಚು ಹುಟ್ಟಿಸಲಾರ. 85 ಪಾಲಿಗೆ ಪೂರ್ತಿ ತಗೊಂಡರೆ ಉಳಿದ 15ಕ್ಕೆ ಬಿಡಿಗಾಸೂ ಇಲ್ಲ. 60 ಒಂದು ಬ್ಯಾಂಕಿಗೆ, 40 ಇನ್ನೊಂದು ಬ್ಯಾಂಕಿಗೆ ಒಯ್ದರೆ ಅರ್ಧ ಅರ್ಧ ಸೇರಿ ಮತ್ತೆ ಒಂದೇ. ಸಣ್ಣ ನೋಟಿನಲ್ಲಂತೂ ಅರ್ಧಕ್ಕಿಂತ ಹೆಚ್ಚಿನ ತುಂಡು ಎರಡು ಇರಲು ಸಾಧ್ಯವೇ ಇಲ್ಲ. ನಿಯಮ ಮಾಡಿದವರು ಕಾಗದದ ಮೇಲೆ ಇದನ್ನು ಮೊದಲೇ ಕತ್ತರಿಸಿ ನೋಡಿದ್ದಾರೆ. ಬೇಕೆಂದೇ ಕತ್ತರಿಸಿದ್ದು ಕಂಡರೆ, ಘೋಷಣೆ ಬರೆದಿದ್ದರೆ ಅರ್ಜಿಯೇ ತಿರಸ್ಕೃತ, ಅದು ಬೇರೆ.

ಗಡಿ ದಾಟಿದ ದುಡ್ಡು ಬೆಲೆ ಕಳೆದುಕೊಳ್ಳುವುದು ನಮ್ಮ ಸೀಮೆಗೆ ಹೊಸದಲ್ಲ. ಪರದೇಶ ಎಂದರೆ ವಿಮಾನ ಹತ್ತಬೇಕು ಎಂಬುದು ಈಗಿನ ಮಾತು. ನಮ್ಮ ಅಜ್ಜನ ಕಾಲಕ್ಕೆ ಉಮರ್ಗಾದಿಂದ ಬಂಡಿ ಕಟ್ಟಿಕೊಂಡು ಸೋಲಾಪುರದ ಪೇಟೆಗೆ ಹೋದರೆ ಸಾಕು, ಕಿಸೆಯಲ್ಲಿದ್ದ ದುಡ್ಡು ಪರದೇಶದ್ದಾಗುತ್ತಿತ್ತು. ನಾವು ನಿಜಾಮನ ಕಡೆ, ಸೋಲಾಪುರ ಇಂಗ್ರೇಜಿಯವರ ಕಡೆ. ಉದಗೀರ ಮತ್ತು ನಿಲಂಗಾ 1956ರವರೆಗೆ ಬೀದರ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ನಮ್ಮ ಕಡೆ ಚಾರ್‌ಮಿನಾರದ ಹಾಲಿ ಸಿಕ್ಕಾ, ಅವರ ಕಡೆ ರಾಜನ ತಲೆಯ ಕಲ್ದಾರ. ಏಳು ಹಾಲಿಗೆ ಆರು ಕಲ್ದಾರ ಎಂಬುದು ಬಾಯಿಪಾಠದ ದರ. ನೂರು ಕಲ್ದಾರಕ್ಕೆ ನೂರಾ ಹದಿನಾರು ಹಾಲಿ ಚಿಲ್ಲರೆ. ಗಡಿಯ ಸರಾಫರು ತಮ್ಮ ವಟಾವು ಮುರಿದುಕೊಂಡು ಕೊಡುತ್ತಿದ್ದರು, ಆ ದಂಧೆಯಲ್ಲಿ ಯಾರೂ ಉಪವಾಸ ಇದ್ದಂತೆ ಕೇಳಿಲ್ಲ.

ಈ ಏಳು ಆರರ ಲೆಕ್ಕ ಎಲ್ಲಿಂದ ಬಂತೆಂದು ಒಮ್ಮೆ ಉದಗೀರದ ಸರಾಫ ಕಟ್ಟೆಯಲ್ಲಿ ಕೂತು ನೋಡಿದ್ದೇವೆ. 1940ರ ದಶಕದಲ್ಲಿ ಎರಡೂ ಸರ್ಕಾರ ಬೆಳ್ಳಿ ಕಡಿಮೆ ಮಾಡುವುದಕ್ಕೆ ಮೊದಲಿನ ರೂಪಾಯಿಗಳನ್ನು ತಗೊಳ್ಳಿ. ಕಲ್ದಾರದ ತೂಕ 11.66 ಗ್ರಾಂ, ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿ, ಅಂದರೆ 10.69 ಗ್ರಾಂ. ಹಾಲಿ ರೂಪಾಯಿ 11.18 ಗ್ರಾಂ, ಅದರಲ್ಲಿ ನೂರಕ್ಕೆ 82ರ ಸುಮಾರು ಬೆಳ್ಳಿ, ಅಂದರೆ 9.15 ಗ್ರಾಂ. ಏಳು ಹಾಲಿಯ ಬೆಳ್ಳಿ 64 ಗ್ರಾಂ, ಆರು ಕಲ್ದಾರದ ಬೆಳ್ಳಿಯೂ 64 ಗ್ರಾಂ. ಸರ್ಕಾರ ಯಾವುದಾದರೇನು, ತಕ್ಕಡಿ ಹೇಳಿದ ದರವೇ ಪೇಟೆಯಲ್ಲಿ ನಡೆದಿತ್ತು. ಹಾಜಿ ಸಾಹೇಬರು ಇದನ್ನು ಹಳೆಯ ನೋಟುಬುಕ್ಕಿನ ಹಿಂಬದಿಗೆ ಬರೆದು ಎರಡು ಗೆರೆ ಎಳೆದರು, ಶಾಲೆಯಲ್ಲಿ ಉತ್ತರ ಸರಿಬಂದಾಗ ಎಳೆಯುತ್ತಿದ್ದ ಹಾಗೆ.

1947ರ ಕೊನೆಗೆ ನಿಜಾಮ ಸರ್ಕಾರ ಒಂದು ಫರ್ಮಾನು ಹೊರಡಿಸಿ ಹಿಂದೂಸ್ತಾನದ ರೂಪಾಯಿ ತನ್ನ ರಾಜ್ಯದಲ್ಲಿ ಚಲಾವಣೆಯ ಹಣವಲ್ಲ ಎಂದಿತು. ಗಡಿಯ ಈ ಪಟ್ಟಿಯಲ್ಲಿ ಎರಡೂ ದುಡ್ಡಿನಲ್ಲಿ ಬದುಕಿದವರಿಗೆ ಅದೊಂದು ಪೇಚಾಟ. ಮರುವರ್ಷದ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ರಾಜ್ಯವೇ ಹೋಯಿತು. ಹಾಲಿ ಸಿಕ್ಕಾ ಮಾತ್ರ ಕೂಡಲೇ ಹೋಗಲಿಲ್ಲ. ಭಾರತದ ರೂಪಾಯಿಯ ಜೊತೆ ಅದೇ ಏಳು ಆರರ ದರದಲ್ಲಿ ನಡೆಯಿತು, 1951ರಲ್ಲಿ ಹೊಸದಾಗಿ ಹೊರಡಿಸುವುದು ನಿಂತಿತು, 1959ರಲ್ಲಿ ಪೂರ್ತಿ ರದ್ದಾಯಿತು. ಒಂದು ರಾಜ್ಯ ಹೋದ ಮೇಲೂ ಅದರ ಚಿಲ್ಲರೆ ಹನ್ನೊಂದು ವರ್ಷ ಉಳಿಯಿತು ಎಂದರೆ ಆಗಿನವರು ನಮ್ಮ ಕಷ್ಟ ತಿಳಿದವರು. ಇವತ್ತಿಗೂ ಆ ರೂಪಾಯಿಯನ್ನು ಸರಾಫನ ಮುಂದಿಟ್ಟರೆ ಅವನು ತೂಗಿ ಬೆಳ್ಳಿಯ ಭಾವದಲ್ಲಿ ದುಡ್ಡು ಎಣಿಸುತ್ತಾನೆ. ಸೌದಿಯ ಒಂದು ರಿಯಾಲನ್ನು ಇಟ್ಟರೆ ಅದೇ ಸರಾಫ ಅದನ್ನು ಕಲ್ಲಿನ ಮೇಲೆ ಕುಟ್ಟಿ ಸಪ್ಪಳ ಕೇಳಿ ವಾಪಸು ಕೊಡುತ್ತಾನೆ. ಅದರಲ್ಲಿ ಕರಗಿಸುವಂಥದ್ದೇನೂ ಇಲ್ಲ. ಅದರ ಬೆಲೆಯೆಲ್ಲ ಅದನ್ನು ಅಚ್ಚು ಹಾಕಿದವರ ಮಾತಿನಲ್ಲಿದೆ, ಆ ಮಾತು ಕೇಳಿಸುವಷ್ಟು ದೂರದಲ್ಲಿ ಮಾತ್ರ ಇದೆ.

ನೇಪಾಳದ ಡಬ್ಬಿಯವರ ಕಥೆ ಚಿಕ್ಕದು, ಅವರು ಸ್ವಲ್ಪ ಪುಣ್ಯವಂತರು. ನಮ್ಮ ಕಡೆಯವರು ಕಾಶಿಯ ಜಂಗಮವಾಡಿ ಮಠದಲ್ಲಿ ಇಳಿದು, ಗೋರಖಪುರದ ಮೇಲೆ ಸುನೌಲಿ ಗಡಿ ದಾಟಿ ಕಾಠ್ಮಂಡುವಿಗೆ ಹೋಗುತ್ತಾರೆ. 1993ರಿಂದ ನಮ್ಮ ನೂರು ರೂಪಾಯಿಗೆ ಅವರ 160 ಎಂದು ದರ ಗೂಟ ಹೊಡೆದು ನಿಂತಿದೆ. ಉಳಿದದ್ದನ್ನು ಸುನೌಲಿಯಲ್ಲೇ ಹಿಂದಕ್ಕೆ ಕೊಟ್ಟರೆ ಹೆಚ್ಚು ನಷ್ಟವಿಲ್ಲ, ಯಾಕೆಂದರೆ ಅಲ್ಲಿ ಅಂಗಡಿಯವನಿಗೆ ಎರಡೂ ದುಡ್ಡು ದಿನದ ದುಡ್ಡೇ. ನಾಣ್ಯವನ್ನೂ ಚಹಾದವನು ತಗೊಳ್ಳುತ್ತಾನೆ. ಆದರೆ ಯಾತ್ರೆಯ ಬಸ್ಸು ಸುನೌಲಿ ದಾಟುವಾಗ ಎಲ್ಲರೂ ನಿದ್ದೆಯಲ್ಲಿರುತ್ತಾರೆ. ಎಚ್ಚರಾಗುವುದು ಗೋರಖಪುರದಲ್ಲಿ, ನೆನಪಾಗುವುದು ಸೋಲಾಪುರದಲ್ಲಿ. ಎವರೆಸ್ಟಿನ ಚಿತ್ರದ ನೋಟು ಆಮೇಲೆ ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಕೆಳಗೆ ಸೇರುತ್ತದೆ. ಹೋಗುವವರಿಗೆ ನಾನು ಹೇಳುವುದು ಇಷ್ಟೇ: ಸುನೌಲಿಯಲ್ಲಿ ಒಬ್ಬರಾದರೂ ಎದ್ದಿರಿ.

ಇದೇ ಮಾತು ದೂರದ ದೇಶಕ್ಕೂ ಅನ್ವಯಿಸುತ್ತದೆ. ಚಿಲ್ಲರೆಗೆ ಗಿರಾಕಿ ಇರುವುದು ಆ ದೇಶದ ನೆಲದ ಮೇಲೆ, ವಿಮಾನ ಏರುವವರೆಗೆ. ಕೊನೆಯ ಅಂಗಡಿಯಲ್ಲಿ ಮೊದಲು ನಾಣ್ಯಗಳನ್ನೆಲ್ಲ ಸುರಿದು, ಸಾಲದ್ದಕ್ಕೆ ನೋಟು ಮುರಿಸಬೇಕು. ನಮ್ಮವರು ಮಾಡುವುದು ತಿರುವುಮುರುವು. ಭಾಷೆ ಬಾರದ ಊರಲ್ಲಿ ಎಣಿಸುವ ಗೋಜು ಬೇಡವೆಂದು ಪ್ರತಿಸಲ ನೋಟು ಮುಂದೆ ಮಾಡುತ್ತಾರೆ, ಪ್ರತಿಸಲ ಮುಷ್ಟಿ ಚಿಲ್ಲರೆ ವಾಪಸು ಬರುತ್ತದೆ. ಹಾಜಿ ಸಾಹೇಬರ 31 ರಿಯಾಲು ಹುಟ್ಟಿದ್ದು ಹಾಗೆ. ಹಲವು ವಿಮಾನಗಳಲ್ಲಿ ಯುನಿಸೆಫ್‌ನವರು ಮಕ್ಕಳಿಗಾಗಿ ಉಳಿದ ನಾಣ್ಯ ಕೂಡಿಸುವ ಲಕೋಟೆ ಹಂಚುತ್ತಾರೆ, 1987ರಿಂದ ನಡೆದ ಕೆಲಸ. ಲಕೋಟೆ ಕೈಗೆ ಬಂದರೆ ಹಾಕಿಬಿಡುವುದು ಒಳ್ಳೆಯದು. ಕೇಳದೇ ಇದ್ದರೆ ಸಿಗುತ್ತದೆಂಬ ಭರವಸೆ ಇಲ್ಲ.

ಕೊನೆಗೆ ಹಾಜಿ ಸಾಹೇಬರ ಗಂಟಿಗೆ ಒಂದು ದಾರಿಯಾಯಿತು. ಅವರ ನಾದಿನಿ ಉಮ್ರಾಕ್ಕೆ ಹೊರಟರು. ಬಿಡಿ ನಾಣ್ಯಗಳನ್ನೆಲ್ಲ ಅಲ್ಲಿಯ ದಾನದ ಪೆಟ್ಟಿಗೆಗೆ ನಮ್ಮ ಹೆಸರಿನಲ್ಲಿ ಹಾಕಿ ಬಾ, ಪಟ್ಟಿ ಹಚ್ಚಿದ ನೋಟು ನಡೆದರೆ ಅದಕ್ಕೆ ಖರ್ಜೂರ ತಾ, ನಡೆಯದಿದ್ದರೆ ಅದನ್ನೂ ಪೆಟ್ಟಿಗೆಗೆ ಹಾಕು ಎಂದು ಹೇಳಿ ಒಪ್ಪಿಸಿದರು. ಆಕೆ ಬಂದ ಮೇಲೆ ನಾನೂ ಕೇಳಲು ಹೋದೆ.

"ನೋಟು ನಡೀತೇನವಾ?"

"ಅಂಗಡ್ಯಾಂವ ನೋಡ್ಲೇ ಇಲ್ಲಣ್ಣ. ಗಲ್ಲೇದಾಗ ಒಗದ. ಖರ್ಜೂರ ಕೊಟ್ಟ."

ಹಾಜಿ ಸಾಹೇಬರ ಮನೆಯಾಕೆ ಒಳಗಿನಿಂದಲೇ, ಪಟ್ಟಿ ಯಾರು ಹಚ್ಚಿದ್ದು ಕೇಳಿರಿ ಎಂದು ದೊಡ್ಡದಾಗಿ ಹೇಳಿದರು. ಹಾಜಿ ಸಾಹೇಬರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಖರ್ಜೂರದ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ನೋಟುಬುಕ್ಕು ತೆರೆದಿದ್ದರು. 50 ರಿಯಾಲು ವಸೂಲಾಯಿತು ಎಂದು ಬರೆಯುವುದೇನೋ ಸರಿ, ಆದರೆ ರೂಪಾಯಿಯ ಕಾಲಂನಲ್ಲಿ ಯಾವ ದರ ಹಿಡಿಯಬೇಕು, ಹುಡುಗ ಕೊಳ್ಳುತ್ತಿದ್ದ 22ರದೋ, ಮಾರುತ್ತಿದ್ದ 24ರದೋ, ಇಲ್ಲ ಉದಗೀರದ ಪೇಟೆಯಲ್ಲಿ ಖರ್ಜೂರ ನಡೆದಿರುವ ಭಾವವೋ, ನೀವೇ ಹೇಳಿ ಎಂದರು. ನಾನು ಎರಡು ಖರ್ಜೂರ ಬಾಯಿಗೆ ಹಾಕಿಕೊಂಡೆ. ಅದನ್ನೂ ಲೆಕ್ಕದಲ್ಲಿ ಕಳೆಯಬೇಕೆಂದು ಅವರು ಇನ್ನೊಂದು ಗೆರೆ ಎಳೆದರು.